ಐದು ನಿಮಿಷಕ್ಕೆ ಎಷ್ಟು ಪದ? ಭಾಷಣವನ್ನು ಸಮಯಕ್ಕೆ ಹೊಂದಿಸುವ ಬಗೆ

ಮೊದಲ ಸಲ ಐದು ನಿಮಿಷದ ಭಾಷಣ ಬರೆಯಬೇಕಾದಾಗ, ನಿಮಿಷಕ್ಕೆ 140 ಪದ ಎಂಬ ಲೆಕ್ಕ ಹಿಡಿದು 700 ಪದ ಬರೆದುಕೊಂಡು ಹೋಗಿದ್ದೆ. ಗಂಟೆ ಬಾರಿಸಿದಾಗ ಕೊನೆಯ ಎರಡು ಪುಟ ಕೈಯಲ್ಲೇ ಇದ್ದವು. ಹೇಳಲೇಬೇಕಾದ ಮಾತು ಇದ್ದದ್ದು ಆ ಪುಟಗಳಲ್ಲೇ.

ತಪ್ಪಿದ್ದು ಎಲ್ಲಿ ಅಂತ ಆಮೇಲೆ ತಿಳಿಯಿತು. ನಿಮಿಷಕ್ಕೆ 130ರಿಂದ 150 ಪದ ಎನ್ನುವುದು ಇಂಗ್ಲಿಷಿನ ಅಳತೆ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷ್ ಮೂರು ಪದಗಳಲ್ಲಿ ಹೇಳುವುದನ್ನು ನಾವು ‘ನೀರಿನಲ್ಲಿ’ ಎಂಬ ಒಂದೇ ಪದದಲ್ಲಿ ಮುಗಿಸುತ್ತೇವೆ. ಹಾಗಾಗಿ ನಮ್ಮ ಪದ ಉದ್ದ, ನಿಮಿಷಕ್ಕೆ ಹಿಡಿಸುವ ಪದಗಳು ಕಡಿಮೆ. ಎಷ್ಟು ಕಡಿಮೆ ಎನ್ನುವುದು ಓದುವವರ ಮೇಲಿದೆ. ಅದನ್ನು ನೀವೇ ಅಳೆದುಕೊಳ್ಳಬೇಕು.

ನಿಮ್ಮ ವೇಗ ಎಷ್ಟು?

ನೀವೇ ಬರೆದ ಬರಹದಿಂದ 200 ಪದ ಎಣಿಸಿ ಗೆರೆ ಹಾಕಿ. ಎದ್ದು ನಿಂತು, ಎದುರಿಗೆ ಜನರಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಓದಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಸಮಯ ತಾನಾಗಿ ಸಿಗುತ್ತದೆ. ಮನಸ್ಸಿನಲ್ಲೇ ಓದಿದರೆ ಪ್ರಯೋಜನವಿಲ್ಲ, ಕಣ್ಣು ನಾಲಿಗೆಗಿಂತ ಬೇಗ ಓಡುತ್ತದೆ. 50 ಪದ ಓದಿ ನಾಲ್ಕರಿಂದ ಗುಣಿಸಿದರೂ ಲೆಕ್ಕ ತಪ್ಪುತ್ತದೆ. ಅಷ್ಟು ಚಿಕ್ಕ ಓದಿನಲ್ಲಿ ಉಸಿರು ತೆಗೆದುಕೊಳ್ಳುವ ಜಾಗ, ಪ್ಯಾರಾ ನಡುವಿನ ನಿಲುಗಡೆ ಸರಿಯಾಗಿ ಸೇರುವುದಿಲ್ಲ. ಮೊದಲ ಓದಿನಲ್ಲಿ ತಡವರಿಸುವುದು ಸಹಜ, ಮೂರನೇ ಓದಿನ ಸಮಯ ಹಿಡಿಯಿರಿ.

ನನಗೆ 200 ಪದಕ್ಕೆ 2 ನಿಮಿಷ 13 ಸೆಕೆಂಡ್ ಬೇಕಾಯಿತು, ಅಂದರೆ 133 ಸೆಕೆಂಡ್. 200ನ್ನು 133ರಿಂದ ಭಾಗಿಸಿ 60ರಿಂದ ಗುಣಿಸಿದರೆ ಸುಮಾರು 90. ನನ್ನ ವೇಗ ನಿಮಿಷಕ್ಕೆ 90 ಪದ.

ಕೊಟ್ಟ ಸಮಯವೆಲ್ಲ ಮಾತಿಗಲ್ಲ

ಐದು ನಿಮಿಷ ಅಂದರೆ 300 ಸೆಕೆಂಡ್. ಮೈಕ್ ಸರಿಮಾಡಿಕೊಂಡು ನಮಸ್ಕಾರ ಹೇಳುವುದಕ್ಕೆ 10 ಸೆಕೆಂಡ್ ತೆಗೆದಿಡಿ. ಕೆಮ್ಮು, ಚಪ್ಪಾಳೆ, ತಡವರಿಕೆಗೆ ಇನ್ನೊಂದು 10. ಉಳಿದದ್ದು 280 ಸೆಕೆಂಡ್. ನಿಮಿಷಕ್ಕೆ 90ರಂತೆ ಅದಕ್ಕೆ 420 ಪದ ಹಿಡಿಸುತ್ತದೆ.

ಇತ್ತೀಚೆಗೆ ಸೊಳ್ಳೆ ಹುಟ್ಟುವುದನ್ನು ತಡೆಯುವ ಬಗ್ಗೆ ಒಂದು ಭಾಷಣ ಬರೆದೆ. ಕಂಪ್ಯೂಟರ್ 497 ಪದ ಎಂದು ತೋರಿಸಿತು. ಆದರೆ ಆ ಲೆಕ್ಕವನ್ನು ಹಾಗೇ ನಂಬಬಾರದು. ಬರಹದಲ್ಲಿ 1,48,750 ಎಂದಿದ್ದರೆ ಕಂಪ್ಯೂಟರಿಗೆ ಅದು ಒಂದೇ ಪದ. ಬಾಯಿಗೆ ಬಂದಾಗ ‘ಒಂದು ಲಕ್ಷದ ನಲವತ್ತೆಂಟು ಸಾವಿರದ ಏಳು ನೂರ ಐವತ್ತು’ ಆಗುತ್ತದೆ, ಏಳು ಪದ. ಅದಕ್ಕೇ ಎಣಿಸುವ ಮೊದಲು ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬರೆಯಿರಿ. ತಲೆಬರಹ, ‘ಇಲ್ಲಿ ನಿಲ್ಲಿಸು’ ಎಂಬಂಥ ಟಿಪ್ಪಣಿಗಳನ್ನು ತೆಗೆಯಿರಿ, ಅವನ್ನು ಯಾರೂ ಓದುವುದಿಲ್ಲ. ಹಾಗೆ ಮಾಡಿದ ಮೇಲೆ ನನ್ನ ಬರಹ 512 ಪದಕ್ಕೆ ಬಂತು. ಹಾಗೇ ಓದಿದರೆ 5 ನಿಮಿಷ 41 ಸೆಕೆಂಡ್. 92 ಪದ ತೆಗೆಯಲೇಬೇಕಿತ್ತು.

ದೊಡ್ಡದನ್ನು ಮೊದಲು ಕತ್ತರಿಸಿ

ಇಲ್ಲೇ ಹೆಚ್ಚಿನವರು ಎಡವುವುದು. ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ, ಪ್ರತಿ ವಾಕ್ಯದಿಂದ ಒಂದೊಂದು ಪದ ಕೀಳುತ್ತಾ ಹೋಗುತ್ತಾರೆ. ಕೊನೆಗೆ ಬರಹ ತಂತಿ ಸಂದೇಶದಂತಾಗುತ್ತದೆ. ಹೇಳುವ ವಿಷಯ ಮಾತ್ರ ಒಂದೂ ಕಡಿಮೆಯಾಗಿರುವುದಿಲ್ಲ, ಕೇಳುವವರಿಗೆ ಉಸಿರಾಡಲೂ ಜಾಗ ಇರುವುದಿಲ್ಲ.

ಮೊದಲು ಒಂದಿಡೀ ವಿಷಯವನ್ನೇ ಬಿಡಿ. ನಿಂತ ನೀರಿಗೆ ನಾನು ಎರಡು ಉದಾಹರಣೆ ಕೊಟ್ಟಿದ್ದೆ: ಹೂಕುಂಡದ ಕೆಳಗಿನ ತಟ್ಟೆ, ಹಳೆಯ ಟೈರು. ಎರಡೂ ಹೇಳುವುದು ಒಂದೇ ಮಾತು. ತಟ್ಟೆ ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನು ಉಳಿಸಿ ಟೈರು ಬಿಟ್ಟೆ. 48 ಪದ ಹೋಯಿತು. ಆಮೇಲೆ ಪೀಠಿಕೆ. ‘ಈ ವಿಷಯದ ಬಗ್ಗೆ ಮಾತನಾಡಲು ಅವಕಾಶ ಸಿಕ್ಕಿದ್ದು’ ಎಂದು ಶುರುವಾಗುವ ಪ್ಯಾರಾದಲ್ಲಿ 21 ಪದ ಇತ್ತು. ಅದಿಲ್ಲದಿದ್ದರೂ ಭಾಷಣ ನಿಲ್ಲುತ್ತದೆ ಅಂದಮೇಲೆ ಅದು ಬೇಡ ಅಲ್ವಾ? ಉಳಿದದ್ದು 23 ಪದ.

ಈಗ ವಾಕ್ಯಗಳ ಸರದಿ. ನಾನು ಬರೆದಿದ್ದು ಹೀಗಿತ್ತು: ‘ಈ ಹಿನ್ನೆಲೆಯಲ್ಲಿ ನಾವೆಲ್ಲರೂ ಗಮನಿಸಬೇಕಾದ ಅತ್ಯಂತ ಮುಖ್ಯವಾದ ಸಂಗತಿ ಏನೆಂದರೆ, ಸೊಳ್ಳೆಗಳು ನಿಂತ ನೀರಿನಲ್ಲಿ ಮೊಟ್ಟೆಗಳನ್ನು ಇಡುವ ಕಾರ್ಯವನ್ನು ಮಾಡುತ್ತವೆ.’ 15 ಪದ. ಇದನ್ನು ‘ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ’ ಎಂದು ಮಾಡಿದೆ. ಐದೇ ಪದ. ಹತ್ತು ಪದ ಅಂದರೆ ನನ್ನ ವೇಗದಲ್ಲಿ ಸುಮಾರು ಏಳು ಸೆಕೆಂಡ್. ಅಂಥದೇ ಇನ್ನೆರಡು ವಾಕ್ಯಗಳಲ್ಲಿ ಉಳಿದ 13 ಪದವೂ ಸಿಕ್ಕಿತು. ದೊಡ್ಡ ಅಂಕಿಯಿದ್ದರೆ ಅದನ್ನೂ ನೋಡಿ. ‘ಸುಮಾರು ಒಂದೂವರೆ ಲಕ್ಷ’ ಎಂದರೆ ಮೂರೇ ಪದ, ಕಿವಿಗೂ ಹಗುರ.

ಪದ ಸರಿಯಾಯಿತು, ಸಮಯ ಆಗಲಿಲ್ಲ

420 ಪದದ ಬರಹವನ್ನು ಗಡಿಯಾರ ಇಟ್ಟುಕೊಂಡು ಓದಿದೆ. 4 ನಿಮಿಷ 40 ಸೆಕೆಂಡಿಗೆ ಮುಗಿಯಬೇಕಿತ್ತು, 4 ನಿಮಿಷ 52 ಸೆಕೆಂಡ್ ಆಯಿತು. ಹೀಗಾದಾಗ ಉದ್ದ ಪದಗಳನ್ನು ಹುಡುಕಿ. ಕನ್ನಡದಲ್ಲಿ ಪದ ಕಡಿಮೆಯಾಗದೆಯೂ ಸಮಯ ಉಳಿಸಬಹುದು. ‘ಪಾತ್ರೆಗಳನ್ನು ಮುಚ್ಚಿಡಬೇಕಾಗಿರುತ್ತದೆ’ ಎರಡು ಪದ, 14 ಅಕ್ಷರ. ‘ಪಾತ್ರೆ ಮುಚ್ಚಿಡಬೇಕು’ ಕೂಡ ಎರಡೇ ಪದ, ಆದರೆ ಏಳೇ ಅಕ್ಷರ. ನಾಲಿಗೆಗೆ ಅರ್ಧ ಕೆಲಸ. ನನ್ನ ಬರಹದ ಕೊನೆಯ ಭಾಗದಲ್ಲಿ ‘ಬೇಕಾಗುತ್ತದೆ’, ‘ಮಾಡಲಾಗುತ್ತದೆ’ಗಳು ಸಾಲುಗಟ್ಟಿ ಕೂತಿದ್ದವು. ಅವನ್ನು ಮೊಟಕು ಮಾಡಿದಾಗ 4 ನಿಮಿಷ 41 ಸೆಕೆಂಡಿಗೆ ಬಂತು.

ಇದರ ತಿರುಗುಮುರುಗು ಮೋಸವೂ ಇದೆ. ‘ಮಾಡಬೇಕು ಎಂದು’ ಇದ್ದದ್ದನ್ನು ‘ಮಾಡಬೇಕೆಂದು’ ಎಂದು ಕೂಡಿಸಿದರೆ ಒಂದು ಪದ ಇಳಿಯುತ್ತದೆ, ಸಮಯ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸುಮ್ನೆ ಸಂಧಿ ಮಾಡಿ ಲೆಕ್ಕ ಹೊಂದಿಸಬೇಡಿ.

ಉಳಿದ ಹತ್ತು ಸೆಕೆಂಡನ್ನು ಬೇಗಬೇಗ ಓದಿ ಸರಿದೂಗಿಸುತ್ತೇನೆ ಎನ್ನುವವರಿಗೆ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಅವಸರದಲ್ಲಿ ಮೊದಲು ನುಂಗಿಹೋಗುವುದೂ ವಾಕ್ಯದ ಕೊನೆಯೇ. ‘ನೀರಿನ ತೊಟ್ಟಿಯನ್ನು ತೆರೆದಿಡ...’ ಎನ್ನುವಲ್ಲಿಗೆ ದನಿ ಇಳಿದರೆ, ಹಿಂದೆ ಕೂತವರಿಗೆ ‘ತೆರೆದಿಡಬೇಕು’ ಎಂದಿರೋ ‘ತೆರೆದಿಡಬಾರದು’ ಎಂದಿರೋ ತಿಳಿಯುವುದಿಲ್ಲ. ರೆಕಾರ್ಡಿಂಗ್ ಕೇಳುವಾಗ ವಾಕ್ಯದ ಕೊನೆಗಳಿಗೇ ಕಿವಿಗೊಡಿ. ಅವು ಮಸುಕಾಗಿದ್ದರೆ ಬರಹ ಇನ್ನೂ ಜಾಸ್ತಿ ಇದೆ.

ಕೊನೆಯದಾಗಿ, ಮುದ್ರಿಸಿದ ಪ್ರತಿಯಲ್ಲಿ ಎರಡು ಗುರುತು ಹಾಕಿಕೊಳ್ಳಿ. 210ನೇ ಪದದ ಪಕ್ಕದ ಅಂಚಿನಲ್ಲಿ ‘2:30’ ಎಂದು ಬರೆಯಿರಿ, ನಮಸ್ಕಾರದ ಹತ್ತು ಸೆಕೆಂಡೂ ಅದರಲ್ಲಿ ಸೇರಿದೆ. ಅದರ ನಂತರದ ಭಾಗದಲ್ಲಿ, ಬಿಟ್ಟರೂ ಅರ್ಥ ಕೆಡದ ಎರಡು ವಾಕ್ಯಕ್ಕೆ ಪೆನ್ಸಿಲ್‌ನಿಂದ ಕಂಸ ಹಾಕಿ. ಅಂಚಿನ ಗುರುತಿಗೆ ಬಂದಾಗ ಗಡಿಯಾರ 2:40 ದಾಟಿದ್ದರೆ ಕಂಸದೊಳಗಿನದನ್ನು ಹಾರಿಸಿ ಮುಂದಕ್ಕೆ ಹೋಗಿ. ಕೊನೆಯ ಪ್ಯಾರಾಕ್ಕೆ ಮಾತ್ರ ಕಂಸ ಹಾಕಬೇಡಿ.