ನಾಯಿಗೆ ಹೆಸರಿಡಲು ಹೋಗಿ

28 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನು ದಿನವೂ ಹಾಜರಿ ಕೂಗಿ ಕೂಗಿ ಹೆಸರುಗಳ ವಿಷಯದಲ್ಲಿ ಪಳಗಿದ್ದೇನೆ ಎಂದುಕೊಂಡಿದ್ದೆ. ಒಂದು ನಾಯಿಗೆ ಹೆಸರಿಡುವುದರಲ್ಲಿ ನಾಲ್ಕು ತಿಂಗಳು ಕಳೆದು, ಲಸಿಕೆಯ ಪುಸ್ತಕದಲ್ಲಿ ಮೂರು ಹೆಸರುಗಳನ್ನು ಹೊಡೆದುಹಾಕಿಸಿದ ಮೇಲೆ ಆ ಭ್ರಮೆ ಹೋಯಿತು.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ರಾಶಿಯೂ ಇರುವುದಿಲ್ಲ, ಕಸವೂ ಇರುವುದಿಲ್ಲ. ಅದನ್ನೇ ನಂಬಿ ಬದುಕುವ ನಾಯಿಗಳ ಪಕ್ಕೆಲುಬುಗಳು ಜೂನ್ ಮುಗಿಯುವಷ್ಟರಲ್ಲಿ ಎಣಿಸಲು ಸಿಗುತ್ತವೆ. ನನಗೆ ಈ ನಾಯಿ ಕಂಡದ್ದು ಅಂಥ ಒಂದು ಮಳೆಯ ಮಧ್ಯಾಹ್ನ, ದಡಕ್ಕೆ ಎಳೆದು ಮಗುಚಿ ಹಾಕಿದ್ದ ದೋಣಿಯೊಂದರ ಕೆಳಗೆ. ಎಡ ಮುಂಗಾಲಿಗೆ ಬಲೆಯ ನೈಲಾನ್ ದಾರ ಸುತ್ತಿಕೊಂಡು ಚರ್ಮದೊಳಗೆ ಇಳಿದಿತ್ತು, ಪಾದ ಊದಿತ್ತು. ದಾರವನ್ನು ಎಳೆಯುವ ಆಸೆಯಾದರೂ ಎಳೆಯಲಿಲ್ಲ, ಏಕೆಂದರೆ ಹಾಗೆ ಮಾಡಿದರೆ ಅದು ಇನ್ನಷ್ಟು ಬಿಗಿಯುತ್ತದೆ, ನೋವಿಗೆ ನಾಯಿ ಕಚ್ಚುತ್ತದೆ. ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ಪಶುವೈದ್ಯರ ಬಳಿ ಒಯ್ದೆ. ಅವರು ಬ್ಯಾಂಡೇಜ್ ಬಟ್ಟೆಯಿಂದ ಮೂತಿಯನ್ನು ಕಟ್ಟಿ, ದಾರವನ್ನು ಕತ್ತರಿಸಿ ತುಂಡು ತುಂಡಾಗಿ ತೆಗೆದು, ಗಾಯ ಒಣಗುವವರೆಗೆ ದಿನವೂ ತೊಳೆದು ಔಷಧಿ ಹಚ್ಚಬೇಕೆಂದು ಹೇಳಿದರು. ಹೊಸ ಪುಸ್ತಕ ಬಿಡಿಸಿದ ಸಹಾಯಕ ಹೆಸರು ಕೇಳಿದ. ನಾಯಿ ಕಪ್ಪಗಿತ್ತು, ನಮ್ಮ ಮನೆ ಕೋಡಿಬಾಗದಲ್ಲಿ ಕಾಳಿ ನದಿಯ ಹತ್ತಿರವಿತ್ತು. ‘ಕಾಳಿ’ ಎಂದು ಬರೆಸಿದೆ.

ವೈದ್ಯರು ಅಂದೇ ಒಂದು ಮಾತು ಹೇಳಿದ್ದರು: ಹೆಸರು ಎರಡು ಅಕ್ಷರಕ್ಕಿಂತ ಹೆಚ್ಚು ಬೇಡ, ಕೊನೆಯ ಸ್ವರ ಬಾಯಿ ತೆರೆದು ದೂರಕ್ಕೆ ಕೂಗುವಂತಿರಲಿ, ನೀವು ಕೊಡುವ ಅಪ್ಪಣೆಗಳ ಯಾವ ಪದಕ್ಕೂ ಅದು ಹೋಲಬಾರದು. ‘ಕಾಳಿ’ ಈ ಮೂರು ಪರೀಕ್ಷೆಗಳಲ್ಲೂ ಪಾಸಾಗಿತ್ತು. ಆದರೂ ಅದು ಕೆಟ್ಟದ್ದು ನನ್ನ ಕೈಯಿಂದಲೇ. ಬೆಳಿಗ್ಗೆ ಗಾಯ ತೊಳೆಯುವಾಗ ನಾಯಿ ನಡುಗುತ್ತಿತ್ತು. ಅದನ್ನು ಸಮಾಧಾನಪಡಿಸಲೆಂದು ನಾನು ಮೆತ್ತಗೆ “ಕಾಳಿ, ಕಾಳಿ” ಎನ್ನುತ್ತ ಹತ್ತಿ ಒತ್ತುತ್ತಿದ್ದೆ. ಹತ್ತನೆಯ ದಿನ ಔಷಧಿಯ ತಟ್ಟೆಯನ್ನು ಮುಟ್ಟದೆ, ಬರಿಗೈಯಲ್ಲಿ ಜಗುಲಿಯಲ್ಲಿ ಕುಳಿತು ಅದೇ ಹೆಸರು ಕರೆದೆ. ನಾಯಿ ಕಿವಿಯನ್ನು ತಲೆಗೆ ಅಂಟಿಸಿ, ಒಮ್ಮೆ ತುಟಿ ನೆಕ್ಕಿಕೊಂಡು, ಮಂಚದ ಕೆಳಗೆ ಹೋಗಿ ಮಲಗಿತು. ನನ್ನ ಪಾಲಿಗೆ ಸಾಂತ್ವನವಾಗಿದ್ದ ಪದ ಅದರ ಪಾಲಿಗೆ ನೋವಿನ ಮುನ್ಸೂಚನೆಯಾಗಿತ್ತು. ಹೀಗೊಮ್ಮೆ ಕೆಟ್ಟ ಹೆಸರನ್ನು ರಿಪೇರಿ ಮಾಡುವುದಕ್ಕಿಂತ ಬದಲಾಯಿಸುವುದೇ ಸುಲಭ ಎಂದು ವೈದ್ಯರು ಹೇಳಿದರು. ನನ್ನ ತಾಯಿಗೆ, ನಾವು ಕರೆಯುವಂತೆ ಆಯಿಗೆ, ಇದರಿಂದ ಸಂತೋಷವೇ ಆಯಿತು. ದೇವಿಯ ಹೆಸರು ಹಿಡಿದು “ಹೊರಗೆ ನಡಿ” ಎನ್ನಲು ಅವಳಿಗೆ ಮೊದಲಿನಿಂದಲೂ ಮನಸ್ಸಿರಲಿಲ್ಲ.

ಎರಡನೆಯ ಹೆಸರು ಶಿರಸಿಯಿಂದ ಬಂದ ತಂಗಿಯ ಮಗಳದು. “ಮಾವ, ಅಚ್ಚು ಅಂತ ಕರಿಯನ” ಎಂದು ಅವಳು ಎರಡು ದಿನ ಅಂಗಳದ ತುಂಬ ಕೂಗಾಡಿದಳು. ನಾಯಿ ಅವಳ ಕೈಯ ಚೂರನ್ನು ತಿನ್ನುತ್ತಿತ್ತು, ಬಾಲವನ್ನೂ ಆಡಿಸುತ್ತಿತ್ತು, ಆದರೆ ಹೆಸರು ಕಿವಿಗೆ ಬಿದ್ದ ಕ್ಷಣ ಬಾಲ ಕಾಲುಗಳ ನಡುವೆ ಸೇರುತ್ತಿತ್ತು. ಈ ಹೆಸರಿನೊಂದಿಗೆ ಔಷಧಿಯಿಲ್ಲ, ನೋವಿಲ್ಲ. ಮತ್ತೇಕೆ ಹೀಗೆ ಎಂದು ನನಗೆ ಹೊಳೆಯಲಿಲ್ಲ. ಆಗಸ್ಟ್ ಮೊದಲ ವಾರ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಬೈತಖೋಲಕ್ಕೆ ಹೋಗಿ, ಅಲ್ಲಿ ಮೀನು ವಿಂಗಡಿಸುವ ಹೆಂಗಸರಲ್ಲಿ ಆ ಕರಿಯ ನಾಯಿಯನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಿರಿ ಎಂದು ಕೇಳಿದೆ. ಅವರು ನಕ್ಕರು. “ಅದಕ್ಕೆಂಥ ಹೆಸರು ಮಾಸ್ತರ್ರೇ? ಮೀನು ಬಿಸಾಡುವಾಗ ‘ಯೋ ಯೋ’ ಹೇಳುದು, ಬುಟ್ಟಿಗೆ ಬಾಯಿ ಹಾಕಿದರೆ ‘ಹಚಾ’ ಹೇಳುದು” ಎಂದಳು ಒಬ್ಬಳು. ಕೊಂಕಣಿಯ ‘ಯೋ’ ಎಂದರೆ ಬಾ. ‘ಹಚಾ’ ಯಾವುದೆಂದು ವಿವರಿಸಬೇಕಾಗಿಲ್ಲ. ದಿನಕ್ಕೆ ಎಷ್ಟು ಬಾರಿ, ಎಷ್ಟು ಕಲ್ಲುಗಳ ಜೊತೆ ಆ ಪದ ಕೇಳಿರಬಹುದು! ‘ಅಚ್ಚು’ ಎಂಬ ಮುದ್ದಿನ ಹೆಸರಿನಲ್ಲಿ ಅದಕ್ಕೆ ಕೇಳಿಸುತ್ತಿದ್ದುದು ಅದೇ ‘ಹಚಾ’. ಬೀದಿಯಿಂದ ತಂದ ನಾಯಿಗೆ ಹೆಸರಿಡುವವರು ಮೊದಲು ಅದನ್ನು ಓಡಿಸುತ್ತಿದ್ದ ಪದಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ನಾನು ಮೂರು ವಾರ ಕಳೆದ ಮೇಲೆ ವಿಚಾರಿಸಿದೆ.

ಮನೆಗೆ ಬಂದು ಗೇಟಿನ ಬಳಿ ನಿಂತು ನಾನೂ ಒಮ್ಮೆ “ಯೋ” ಎಂದೆ. ಹಿತ್ತಲಿನಲ್ಲಿದ್ದ ನಾಯಿ ಕುಂಟುತ್ತಲೇ ಓಡಿ ಬಂತು. ಕರೆಯುವ ಪದ ಹೀಗೆ ಪುಕ್ಕಟೆ ಸಿಕ್ಕಿದ್ದರಿಂದ, ಹೆಸರಿನಿಂದ ನನಗೆ ಬೇಕಾಗಿದ್ದ ಕೆಲಸ ಒಂದೇ ಉಳಿಯಿತು: ಅದು ಏನು ಮಾಡುತ್ತಿದ್ದರೂ ನನ್ನ ಕಡೆ ತಿರುಗಿ ನೋಡುವುದು.

ಮೂರನೆಯ ಹೆಸರು ‘ಕೂರ್ಮ’. ಮಂಚದ ಕೆಳಗಿನಿಂದ ಕತ್ತು ಮಾತ್ರ ಹೊರಹಾಕಿ ನೋಡುವ ಅದರ ರೀತಿಯೂ, ಆಮೆಯಾಕಾರದ ನಮ್ಮ ಕೂರ್ಮಗಡ ದ್ವೀಪವೂ ಸೇರಿ ಹುಟ್ಟಿದ ಈ ಹೆಸರಿನ ಬಗ್ಗೆ ನನಗೆ ಸ್ವಲ್ಪ ಗರ್ವವೇ ಇತ್ತು. ಅದೇ ವಾರ ನಾನು ಅದಕ್ಕೆ ಕೂರಲು ಕಲಿಸುತ್ತಿದ್ದೆ ಎಂಬುದು ಮಾತ್ರ ಮರೆತುಹೋಗಿತ್ತು. ‘ಕೂರು’ ಎಂದರೆ ಕೂರುತ್ತಿತ್ತು. ‘ಕೂರ್ಮಾ’ ಎಂದರೂ ಕೂರುತ್ತಿತ್ತು. ರಸ್ತೆಯ ಆಚೆ ಬದಿಗೆ ಹೋಗಿದ್ದಾಗ ಗಾಬರಿಯಿಂದ ಹೆಸರು ಕೂಗಿದರೆ ಅಲ್ಲಿಯೇ, ರಸ್ತೆಯ ಅಂಚಿನಲ್ಲಿ, ವಿಧೇಯ ವಿದ್ಯಾರ್ಥಿಯಂತೆ ಕುಳಿತುಬಿಟ್ಟಿತು. ವೈದ್ಯರು ಮೊದಲ ದಿನವೇ ಹೇಳಿದ ಮಾತು ಇದು; ವ್ಯಾಕರಣ ಕಲಿಸಿದವನ ಕಿವಿಗೆ ಹೊಳೆಯಲಿಲ್ಲ. ಲಸಿಕೆಯ ಬೂಸ್ಟರಿಗೆ ಹೋದಾಗ ಸಹಾಯಕ ಮಾತಾಡದೆ ಪೆನ್ನು ತೆಗೆದು ಈ ಹೆಸರನ್ನೂ ಹೊಡೆದುಹಾಕಿದ.

ನಾಲ್ಕನೆಯದಕ್ಕೆ ಕ್ರಮವಾಗಿ ಇಳಿದೆ. ಅದು ಸಿಕ್ಕಿದ ಜಾಗವನ್ನು ನೆನೆದು ‘ದೋಣಿ’ ಎಂದು ಆರಿಸಿಕೊಂಡೆ. ಅಪ್ಪಣೆಗಳಿಗೂ ಬೈಗುಳಗಳಿಗೂ ಅದು ಹೋಲುವುದಿಲ್ಲವೆಂದು ಪಟ್ಟಿ ಮಾಡಿ ನೋಡಿದೆ. ಮೂರು ದಿನ ನಾಯಿಯನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಆಮೇಲೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಂದು ಮೊಳ ದೂರದಲ್ಲಿ ಕುಳಿತು, ಅದು ಬೇರೆ ಕಡೆ ನೋಡುತ್ತಿರುವಾಗ ಹೆಸರನ್ನು ಒಂದೇ ಸಲ ಹೇಳಿ, ಕಿವಿ ತಿರುಗಿದ ಕೂಡಲೆ ತಿನಿಸಿನ ಚೂರು ಕೊಡುತ್ತಿದ್ದೆ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಎರಡು ಬಾರಿ; ಹತ್ತರಲ್ಲಿ ಎಂಟು ಸಲ ತಿರುಗಿದ ಮೇಲಷ್ಟೇ ಜಗುಲಿಗೆ, ಅಲ್ಲಿಂದ ಅಂಗಳಕ್ಕೆ, ಅಲ್ಲಿಂದ ಗೇಟಿಗೆ. ತಿರುಗದಿದ್ದರೆ ಮತ್ತೆ ಮತ್ತೆ ಕೂಗುತ್ತಿರಲಿಲ್ಲ, ಏಕೆಂದರೆ ಐದು ಸಲ ಕೂಗಿದ ಮೇಲೆ ತಿರುಗುವ ನಾಯಿ ಐದನೆಯ ಕೂಗಿಗೆ ಕಾಯುವುದನ್ನೇ ಕಲಿಯುತ್ತದೆ. ಎರಡು ಹೆಜ್ಜೆ ಹತ್ತಿರ ಹೋಗಿ ಹೊಸದಾಗಿ ಆರಂಭಿಸುತ್ತಿದ್ದೆ. ತಿನಿಸಿನದು ಮಾತ್ರ ನಮ್ಮ ಮನೆಯ ಸಮಸ್ಯೆ. ಹವ್ಯಕರ ಅಡುಗೆಮನೆಗೆ ಮೀನು ತರುವಂತಿರಲಿಲ್ಲ, ಹಿತ್ತಲಿನ ಒಲೆ ಮಳೆಗೆ ಉರಿಯುತ್ತಿರಲಿಲ್ಲ. ಆದ್ದರಿಂದ ಬೆಳಗಿನ ದೋಸೆಯನ್ನು, ಈರುಳ್ಳಿ ಚಟ್ನಿ ಸೋಕದಂತೆ, ಉಗುರಿನಷ್ಟು ಸಣ್ಣ ಚೂರು ಮಾಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಈರುಳ್ಳಿ ನಾಯಿಗಳ ರಕ್ತಕ್ಕೆ ಕೆಟ್ಟದ್ದು.

ಎರಡು ವಾರಗಳಲ್ಲಿ ಗೇಟಿನ ಆಚೆಯಿಂದಲೂ ತಿರುಗತೊಡಗಿತು. ಪುಸ್ತಕದಲ್ಲಿ ಬರೆಸಲು ಹೊರಟವನು, ಮೂರು ಸಲ ಮೋಸಹೋದವನಾದ್ದರಿಂದ, ಕೊನೆಯ ಪರೀಕ್ಷೆಯೊಂದನ್ನು ಮಾಡಿದೆ. ಅದೇ ದನಿಯಲ್ಲಿ, ಅದೇ ಎತ್ತರದಲ್ಲಿ ಬೇರೆ ಪದಗಳನ್ನು ಕೂಗಿ ನೋಡುವುದು. ತಿರುಗಿದರೆ ಅದು ಕಲಿತಿರುವುದು ಹೆಸರನ್ನಲ್ಲ, ನನ್ನ ರಾಗವನ್ನು ಎಂದರ್ಥ. ‘ಗಾಡಿ’ ಎಂದೆ, ತಿರುಗಲಿಲ್ಲ. ‘ನೀರು’ ಎಂದೆ, ಇಲ್ಲ. ‘ದೋಸೆ’ ಎಂದೆ. ತಿರುಗಿತಷ್ಟೇ ಅಲ್ಲ, ಓಡಿ ಬಂದು ಜೇಬಿಗೆ ಮೂತಿ ಹಾಕಿತು. ಎರಡು ವಾರ ಅದು ‘ದೋ’ ಎಂಬ ಒಂದಕ್ಷರವನ್ನು ಹಿಡಿದು ದೋಸೆಗೆ ಕಾಯುತ್ತಿತ್ತೋ, ಹೆಸರನ್ನು ಕಲಿತಿತ್ತೋ ಎಂದು ಬೇರ್ಪಡಿಸುವ ಉಪಾಯ ನನಗೆ ತೋಚಲಿಲ್ಲ. ಆದರೂ ನಾಚಿಕೆಗೆ ‘ದೋಣಿ’ ಎಂದೇ ಬರೆಸಿ ಬಂದೆ.

ಇಷ್ಟರಲ್ಲಿ ನಾನು ಗಮನಿಸದಿದ್ದ ಒಂದು ಸಂಗತಿಯಿತ್ತು. ದಿನವೂ ಬೆಳಿಗ್ಗೆ ಆಯಿ ಒಳಗಿನಿಂದ “ದೋಸೆ ತಿಂಬಲೆ ಬಾರೋ ಮಾಣಿ” ಎಂದು ಕರೆಯುತ್ತಿದ್ದಳು, ನಾವಿಬ್ಬರೂ ಅಡುಗೆಮನೆಯ ಹೊಸ್ತಿಲ ತನಕ ಹೋಗುತ್ತಿದ್ದೆವು. ದೋಸೆಯ ವಾಸನೆಗೆ ಬರುತ್ತದೆ ಎಂದುಕೊಂಡಿದ್ದೆ. ಅಕ್ಟೋಬರಿನ ಒಂದು ಏಕಾದಶಿಯಂದು ಒಲೆ ಹಚ್ಚಿರಲಿಲ್ಲ. ಆಯಿ ಕನ್ನಡಕ ಹುಡುಕಿಕೊಡಲು “ಮಾಣಿ” ಎಂದಷ್ಟೇ ಕೂಗಿದಳು. ಅಂಗಳದ ಕೊನೆಯಲ್ಲಿ ಏಡಿಯ ಬಿಲ ಕೆರೆಯುತ್ತಿದ್ದ ನಾಯಿ ಕೆರೆಯುವುದನ್ನು ನಿಲ್ಲಿಸಿ ತಲೆಯೆತ್ತಿತು. ಮರುದಿನ ಆಯಿಯ ವಾಕ್ಯವನ್ನು ಪದ ಪದವಾಗಿ ಬಿಡಿಸಿ ಅವಳ ಬಾಯಿಂದಲೇ ಹೇಳಿಸಿದೆ. ‘ತಿಂಬಲೆ’ ಎಂದಾಗ ಏನೂ ಇಲ್ಲ. ‘ಬಾರೋ’ ಎಂದಾಗ ಒಂದು ಕಿವಿ. ‘ಮಾಣಿ’ ಎಂದಾಗ ಹತ್ತಕ್ಕೆ ಹತ್ತು ಸಲ, ಕೈಯಲ್ಲಿ ಚೂರಿಲ್ಲದೆಯೂ, ಪೂರ್ತಿ ಮುಖ. ನಾನು ನಾಲ್ಕು ತಿಂಗಳು ಪಟ್ಟಿ ಮಾಡಿ ಕಲಿಸಲು ಹೆಣಗಿದ್ದನ್ನು ಅವಳು ದಿನಕ್ಕೊಮ್ಮೆ, ಗದರದೆ, ಔಷಧಿಯ ಗೊಡವೆಯಿಲ್ಲದೆ, ಯಾವಾಗಲೂ ಏನಾದರೂ ಕೊಡುತ್ತ ಹೇಳಿದ್ದಳು.

ತೊಂದರೆಯೆಂದರೆ ಆ ಹೆಸರು ನನ್ನದು. ಐವತ್ತೊಂಬತ್ತು ವರ್ಷಗಳಿಂದ ಆಯಿ ನನ್ನನ್ನು ಕರೆಯುತ್ತಿರುವುದು ಹಾಗೆಯೇ. “ಇಬ್ಬರಲ್ಲಿ ಯಾರನ್ನ ಕರಿತೆ ಹೇಳು” ಎಂದು ಜಗಳ ತೆಗೆದೆ. “ನಿಂಗೆ ಬೇರೆ ಹೆಸರಿದ್ದಲ, ಅದಕ್ಕೆ ಎಂತ ಇದ್ದು?” ಎಂದಳು. ಲಸಿಕೆಯ ಪುಸ್ತಕದಲ್ಲಿ ಈಗಲೂ ‘ದೋಣಿ’ ಇದೆ. ಮುಂದಿನ ತಾರೀಖಿಗೆ ಹೋದಾಗ ಹೊಡೆದುಹಾಕಿಸಬೇಕೋ ಬೇಡವೋ ಎಂದು ಇನ್ನೂ ನಿರ್ಧರಿಸಿಲ್ಲ. ಒಳಗಿನಿಂದ ಕರೆ ಬಂದಾಗ ನಾವಿಬ್ಬರೂ ಏಳುತ್ತೇವೆ, ಮೂರು ಕಾಲು ಗಟ್ಟಿಯಿರುವ ಅದು ನನಗಿಂತ ಮೊದಲು ಹೊಸ್ತಿಲು ಮುಟ್ಟುತ್ತದೆ.