ಹುಣ್ಣಿಮೆಗೆ ಮನೆಯಲ್ಲೇ ಸತ್ಯನಾರಾಯಣ: ಸವ್ವಾ ಶಿರಾ, ಐದು ಅಧ್ಯಾಯ

ಸತ್ಯನಾರಾಯಣ ಪೂಜೆಗೆ ಏನೇನು ಬೇಕು ಅಂತ ಕೇಳಿದರೆ ಬಹಳ ಜನ ಬಾಳೆಕಂಬ, ಹೂವು, ಮಂಟಪ ಅಂತ ಪಟ್ಟಿ ಶುರು ಮಾಡುತ್ತಾರೆ. ನಾನು ಪ್ರಸಾದದಿಂದ ಶುರು ಮಾಡುತ್ತೇನೆ. ಈ ವ್ರತದ ಕಥೆ ಪ್ರಸಾದದ ಸುತ್ತಲೇ ತಿರುಗುತ್ತದೆ. ಕಲಾವತಿ ಪ್ರಸಾದ ಬಿಟ್ಟು ಓಡಿದಳು, ಗಂಡ ಇದ್ದ ದೋಣಿ ಕಾಣದಾಯಿತು. ತುಂಗಧ್ವಜ ರಾಜ ದನ ಕಾಯುವವರು ಕೊಟ್ಟ ಪ್ರಸಾದ ಅಲ್ಲೇ ಬಿಟ್ಟು ಹೋದ, ಮಕ್ಕಳು ಸಂಪತ್ತು ಎಲ್ಲ ಕಳೆದುಕೊಂಡ. ಬಾಳೆಕಂಬ ಕಟ್ಟಲಿಲ್ಲ ಅಂತ ಕಥೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಹಾಗಾಗಿ ಕಲಬುರಗಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲೂ, ಪುರೋಹಿತರು ಸಿಗದಿದ್ದರೂ, ಶಿರಾ ಸರಿಯಾಗಿ ಮಾಡಿ ಕಥೆ ಪೂರ್ತಿ ಓದಿದರೆ ವ್ರತ ಆಗುತ್ತದೆ. ಕಥೆಯೊಳಗೆ ಕಟ್ಟಿಗೆ ಮಾರುವವನೂ ಅವತ್ತಿನ ಕಟ್ಟಿಗೆ ದುಡ್ಡಿನಲ್ಲೇ ಇದನ್ನು ಮಾಡಿದ್ದಾನೆ.

ಮೊದಲು ದಿನ ನೋಡಿಕೊಳ್ಳಿ. ಇಲ್ಲೇ ಜಾಸ್ತಿ ಗೊಂದಲ ಆಗುವುದು. ಕ್ಯಾಲೆಂಡರಿನಲ್ಲಿ ಸಾಮಾನ್ಯವಾಗಿ ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೋ ಆ ದಿನದ ಮನೆಯಲ್ಲಿ ಹುಣ್ಣಿಮೆ ಅಂತ ಅಚ್ಚಾಗಿರುತ್ತದೆ. ಆದರೆ ಈ ಪೂಜೆ ಸಂಜೆಯದು, ಕತ್ತಲಾಗುವ ಹೊತ್ತಿಗೆ ಮಾಡಬೇಕು ಅಂತ ಕಥೆಯ ಮೊದಲ ಅಧ್ಯಾಯದಲ್ಲೇ ಇದೆ. ಉದಾಹರಣೆಗೆ ಹುಣ್ಣಿಮೆ ಸೋಮವಾರ ಮಧ್ಯಾಹ್ನ 3ಕ್ಕೆ ಶುರುವಾಗಿ ಮಂಗಳವಾರ ಮಧ್ಯಾಹ್ನ 1ಕ್ಕೆ ಮುಗಿಯುತ್ತದೆ ಅಂದುಕೊಳ್ಳಿ. ಕ್ಯಾಲೆಂಡರ್ ಮಂಗಳವಾರ ಅನ್ನುತ್ತದೆ, ಪೂಜೆ ಮಾತ್ರ ಸೋಮವಾರ ಸಂಜೆಗೇ. ಅದೇ ತಿಥಿ ಸೋಮವಾರ ರಾತ್ರಿ 9ಕ್ಕೆ ಹತ್ತಿ ಮಂಗಳವಾರ ರಾತ್ರಿ 8ರವರೆಗೆ ಇದ್ದರೆ ಮಂಗಳವಾರ ಸಂಜೆ ಕೂರಬೇಕು. ಪಂಚಾಂಗದಲ್ಲಿ ತಿಥಿ ಮುಗಿಯುವ ಗಳಿಗೆ ನೋಡಿ, ಅಷ್ಟು ಸಾಕು. ಸೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆ, ದವನದ ಹುಣ್ಣಿಮೆ, ಯಾವುದಾದರೂ ಆಗುತ್ತದೆ. ಹುಣ್ಣಿಮೆ ತಪ್ಪಿತು ಅಂತ ಕೊರಗುವುದೂ ಬೇಡ, ಮನಸ್ಸಾದ ಯಾವ ದಿನವಾದರೂ ಮಾಡಬಹುದು ಅಂತಲೂ ಅದೇ ಕಥೆಯಲ್ಲಿ ಹೇಳಿದೆ.

ಪೂಜೆಗೆ ಕೂರುವವರು ಪ್ರಸಾದ ತಗೊಳ್ಳುವವರೆಗೆ ಉಪವಾಸ ಇರುವುದು ಪದ್ಧತಿ. ಹಾಲು, ಹಣ್ಣು ತಗೊಳ್ಳಬಹುದು. ಸಕ್ಕರೆ ಕಾಯಿಲೆ ಇರುವವರು, ಗುಳಿಗೆ ನುಂಗುವವರು ಊಟ ಮಾಡಿಯೇ ಕೂರಲಿ.

ಸಾಮಾನು ಜಾಸ್ತಿ ಇಲ್ಲ. ತಾಮ್ರದ ಅಥವಾ ಹಿತ್ತಾಳೆಯ ಒಂದು ತಂಬಿಗೆ, ಅದರ ಮೇಲೆ ಕೂರುವ ಸಣ್ಣ ತಾಟು, ಒಂದು ಚೌರಂಗ ಇಲ್ಲವೇ ಮಣೆ, ಹೊಸ ಖಣ, ಒಂದು ಸೇರಿನಷ್ಟು ಗೋಧಿ ಅಥವಾ ಅಕ್ಕಿ, ಹನ್ನೆರಡು ಹದಿನೈದು ಅಡಿಕೆ, ವೀಳ್ಯದೆಲೆ, ಉತ್ತತ್ತಿ, ಅರಿಶಿನ ಬೇರು, ಎರಡು ತೆಂಗಿನಕಾಯಿ, ಅರಿಶಿನ ಕುಂಕುಮ, ಗಂಧ, ಅಕ್ಷತೆ, ಗೆಜ್ಜೆವಸ್ತ್ರ, ಊದುಬತ್ತಿ, ಕರ್ಪೂರ, ಪಂಚಾಮೃತಕ್ಕೆ ಹಾಲು ಮೊಸರು ತುಪ್ಪ ಜೇನು ಸಕ್ಕರೆ. ಮನೆಯಲ್ಲಿ ಸಾಲಿಗ್ರಾಮವೋ ಬಾಲಕೃಷ್ಣನ ಸಣ್ಣ ಮೂರ್ತಿಯೋ ಇದ್ದರೆ ಸರಿ, ಇಲ್ಲದಿದ್ದರೆ ಸತ್ಯನಾರಾಯಣನ ಫೋಟೋ. ತುಳಸಿ ಮಾತ್ರ ಮರೆಯಬೇಡಿ. ಇದು ವಿಷ್ಣು ಪೂಜೆ, ತುಳಸಿ ಇಲ್ಲದೆ ನೈವೇದ್ಯ ಆಗುವುದಿಲ್ಲ. ಹೂವು, ಎಲೆ, ಬಾಳೆಕಂಬಕ್ಕೆ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಬೆಳಿಗ್ಗೆಯೇ ಹೋಗಿ ಬನ್ನಿ. ನಮ್ಮ ಬಿಸಿಲಿಗೆ, ಅದರಲ್ಲೂ ಬೇಸಿಗೆಯ ಹುಣ್ಣಿಮೆಗಳಲ್ಲಿ, ತುಳಸಿ ದಳ ಮಧ್ಯಾಹ್ನದೊಳಗೆ ಕಪ್ಪಗಾಗಿ ಮುರುಟುತ್ತದೆ. ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಸಂಜೆಗೆ ಹಸಿರಾಗಿಯೇ ಇರುತ್ತದೆ.

ಈಗ ಶಿರಾ

ಈ ಪ್ರಸಾದಕ್ಕೆ ಲೆಕ್ಕ ಒಂದೇ, ಸವ್ವಾ. ಒಂದೂಕಾಲು. ಸೇರಿನಲ್ಲಿ ಅಳೆಯಿರಿ, ಪಾವಿನಲ್ಲಿ ಅಳೆಯಿರಿ, ಬಟ್ಟಲಲ್ಲಿ ಅಳೆಯಿರಿ, ಎಲ್ಲ ಸಾಮಾನಿಗೂ ಅದೇ ಒಂದು ಅಳತೆ ಇರಬೇಕು. ಕಥೆಯಲ್ಲಿ ಹೇಳಿರುವುದು ಬಾಳೆಹಣ್ಣು, ತುಪ್ಪ, ಹಾಲು, ಗೋಧಿ ಹಿಟ್ಟು, ಸಕ್ಕರೆ. ಗೋಧಿ ಸಿಗದಿದ್ದರೆ ಅಕ್ಕಿ ಹಿಟ್ಟು, ಸಕ್ಕರೆ ಇಲ್ಲದಿದ್ದರೆ ಬೆಲ್ಲ ಅಂತಲೂ ಇದೆ. ನಾವು ಹಿಟ್ಟಿನ ಬದಲು ಗೋಧಿಯದೇ ಆದ ರವೆ ಹಾಕುತ್ತೇವೆ.

ಮನೆಯವರು, ಅಕ್ಕಪಕ್ಕದವರು ಸೇರಿ 25ರಿಂದ 30 ಜನ ಅಂತಿಟ್ಟುಕೊಳ್ಳಿ. 250 ಮಿಲಿ ಹಿಡಿಯುವ ಒಂದು ಬಟ್ಟಲು ಆರಿಸಿ. ರವೆ ಒಂದೂಕಾಲು ಬಟ್ಟಲು, ಸಕ್ಕರೆ ಒಂದೂಕಾಲು, ತುಪ್ಪ ಒಂದೂಕಾಲು. ಹಾಲು ಒಂದೂಕಾಲರ ಮೂರು ಪಟ್ಟು, ಅಂದರೆ ಮೂರೂಮುಕ್ಕಾಲು ಬಟ್ಟಲು, ಹತ್ತಿರ ಹತ್ತಿರ ಒಂದು ಲೀಟರ್. ರವೆಗೆ ಅಷ್ಟು ದ್ರವ ಬೇಕೇ ಬೇಕು. ಪೂರ್ತಿ ಹಾಲು ಬೇಡ ಅನಿಸಿದರೆ ಒಂದೂಕಾಲು ಬಟ್ಟಲು ಹಾಲು, ಎರಡೂವರೆ ಬಟ್ಟಲು ನೀರು ಸೇರಿಸಿ, ಸವ್ವಾ ಲೆಕ್ಕ ಹಾಗೂ ಉಳಿಯುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣು ಎರಡು ಮೂರು. ಯಾಲಕ್ಕಿ, ದ್ರಾಕ್ಷಿ, ಗೋಡಂಬಿ ಇದ್ದಷ್ಟು.

ದಪ್ಪ ತಳದ ಕಡಾಯಿಯಲ್ಲಿ ಮುಕ್ಕಾಲು ಭಾಗ ತುಪ್ಪ ಬಿಸಿ ಮಾಡಿ ರವೆ ಹಾಕಿ. ಉರಿ ಸಣ್ಣಗೇ ಇರಲಿ. ಹತ್ತು ಹನ್ನೆರಡು ನಿಮಿಷ ಕೈ ಬಿಡದೆ ಹುರಿಯಬೇಕು. ಮೊದಲು ರವೆ ಭಾರವಾಗಿ ಸೌಟಿಗೆ ಅಂಟುತ್ತದೆ, ಆಮೇಲೆ ಹಗುರವಾಗಿ ಮರಳಿನ ಹಾಗೆ ಜಾರುತ್ತದೆ, ತುಪ್ಪ ಅಂಚಿನಲ್ಲಿ ನೊರೆ ಬಿಡುತ್ತದೆ, ಘಮ ಹೊರಗಿನ ಕೋಣೆಗೂ ಬರುತ್ತದೆ. ಆಗ ಬಾಳೆಹಣ್ಣಿನ ಬಿಲ್ಲೆಗಳನ್ನು ಹಾಕಿ ಎರಡು ನಿಮಿಷ ಕೈಯಾಡಿಸಿ. ಹಣ್ಣು ತುಪ್ಪದಲ್ಲೇ ಕರಗಿ ಬೆರೆಯುತ್ತದೆ. ಕೊನೆಗೆ ಹಸಿಯಾಗಿ ಹಾಕಿದರೆ ಪೂಜೆ ಮುಗಿಯುವಷ್ಟರಲ್ಲಿ ಕಪ್ಪಗಾಗುತ್ತದೆ.

ಪಕ್ಕದ ಒಲೆಯಲ್ಲಿ ಹಾಲು ಕುದಿಯುತ್ತಿರಲಿ. ತಣ್ಣಗಿನ ಹಾಲು ಸುರಿದರೆ ಗಂಟು ಗ್ಯಾರಂಟಿ. ಕುದಿಯುವ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಮುಚ್ಚಿ ನಾಲ್ಕೈದು ನಿಮಿಷ ಬೇಯಿಸಿ. ರವೆ ಪೂರ್ತಿ ಅರಳಿದ ಮೇಲೆಯೇ ಸಕ್ಕರೆ. ಅವಸರಕ್ಕೆ ಮೊದಲೇ ಸಕ್ಕರೆ ಹಾಕಿದರೆ ಅದು ನೀರನ್ನೆಲ್ಲ ಹಿಡಿದುಕೊಳ್ಳುತ್ತದೆ, ರವೆ ಬೇಯದೆ ಕಾಳು ಕಾಳಾಗಿ ಉಳಿಯುತ್ತದೆ. ಪ್ರಸಾದವನ್ನು ಮೊದಲೇ ರುಚಿ ನೋಡುವಂತಿಲ್ಲ ಅಲ್ವಾ, ಆದ್ದರಿಂದ ಬೆರಳಿನಿಂದ ಒಂದೆರಡು ಕಾಳು ಒತ್ತಿ ನೋಡಿ. ಮೆತ್ತಗೆ ಹರಡಿದರೆ ಬೆಂದಿದೆ, ನಡುವೆ ಗಟ್ಟಿ ಸಿಕ್ಕರೆ ಎರಡು ಸೌಟು ಬಿಸಿ ಹಾಲು ಹಾಕಿ ಮತ್ತೆ ಮುಚ್ಚಿ. ಸಕ್ಕರೆ ಬಿದ್ದ ಮೇಲೆ ಶಿರಾ ಒಮ್ಮೆ ನೀರಾಗುತ್ತದೆ, ಹೆದರಬೇಡಿ, ಐದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಉಳಿದ ತುಪ್ಪ, ಯಾಲಕ್ಕಿ ಹಾಕಿ ಇಳಿಸಿ. ಬೆಲ್ಲದಲ್ಲಿ ಮಾಡುವುದಾದರೆ ರವೆಯನ್ನು ನೀರಿನಲ್ಲಿ ಬೇಯಿಸಿ, ಬೆಲ್ಲ ಹಾಕಿ ಇಳಿಸಿ, ಬಿಸಿ ಆರಿದ ಮೇಲೆ ಹಾಲು ಬೆರೆಸಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ. ಇದಿಷ್ಟೂ ಪೂಜೆಗೆ ಕೂರುವ ಮೊದಲೇ ಮುಗಿದಿರಲಿ.

ಕಲಶ, ಪೂಜೆ

ಪೂರ್ವಕ್ಕೆ ಮುಖ ಮಾಡಿ ಕೂರುವ ಹಾಗೆ ರಂಗೋಲಿಯ ಮೇಲೆ ಚೌರಂಗ ಇಟ್ಟು, ಖಣ ಹಾಸಿ, ಗೋಧಿ ಹರಡಿ. ಬಾಳೆಕಂಬ ಸಿಕ್ಕಿದ್ದರೆ ಚೌರಂಗದ ಕಾಲಿಗೆ ಕಟ್ಟಿ. ತಂಬಿಗೆಗೆ ಮುಕ್ಕಾಲು ನೀರು, ಒಳಗೆ ಒಂದು ನಾಣ್ಯ, ಅಡಿಕೆ, ಅಕ್ಷತೆ. ಬಾಯಿಗೆ ಐದು ಮಾವಿನ ಎಲೆ ಅಥವಾ ವೀಳ್ಯದೆಲೆ. ನಮ್ಮ ಕಡೆ ಎರಡೂ ಪದ್ಧತಿ ಇವೆ. ಕೆಲವರು ಕಲಶದ ಮೇಲೆ ತೆಂಗಿನಕಾಯಿ ಇಡುತ್ತಾರೆ, ಕೆಲವರು ಅಕ್ಕಿ ತುಂಬಿದ ತಾಟು ಇಟ್ಟು ಅದರಲ್ಲಿ ಬಾಲಕೃಷ್ಣನನ್ನು ಕೂರಿಸುತ್ತಾರೆ. ನಿಮ್ಮ ಮನೆಯ ಹಿರಿಯರು ಮಾಡುತ್ತಿದ್ದ ಹಾಗೆ ಮಾಡಿ. ತಾಟು ಇಡುವವರು ಎಲೆಯ ದೇಟು ಒಳಗೆ ಬಿಟ್ಟು, ತಾಟು ಒಮ್ಮೆ ಒತ್ತಿ ಅಲುಗಾಡುತ್ತದೆಯೇ ನೋಡಿ. ಮೂರ್ತಿ ಇಟ್ಟ ಮೇಲೆ ವಾಲಿದರೆ ಸರಿಮಾಡುವುದು ಕಷ್ಟ.

ದೀಪ ಹಚ್ಚಿ. ಹೆಸರು, ಗೋತ್ರ, ಯಾವುದಕ್ಕಾಗಿ ಮಾಡುತ್ತಿದ್ದೇವೆ ಅಂತ ಹೇಳಿ ಕೈಯಿಂದ ನೀರು ಬಿಡುವುದು ಸಂಕಲ್ಪ. ಸಂಸ್ಕೃತ ಬರದಿದ್ದರೆ ಕನ್ನಡದಲ್ಲೇ ಹೇಳಿ. ಒಂದು ಅಡಿಕೆಯಲ್ಲಿ ಗಣಪತಿ, ಒಂಬತ್ತು ಅಡಿಕೆಯಲ್ಲಿ ನವಗ್ರಹ, ಆಮೇಲೆ ಕಲಶಕ್ಕೆ ಪೂಜೆ. ಮೂರ್ತಿಯನ್ನು ಬೇರೆ ಬಟ್ಟಲಲ್ಲಿಟ್ಟು ಪಂಚಾಮೃತ, ನೀರು ಹಾಕಿ, ಒರೆಸಿ, ತಾಟಿನ ಮೇಲೆ ಕೂರಿಸಿ, ಗಂಧ, ಗೆಜ್ಜೆವಸ್ತ್ರ, ಹೂವು ಏರಿಸಿ. ವಿಷ್ಣುವಿನ ಹೆಸರು ಒಂದೊಂದಕ್ಕೆ ಒಂದೊಂದು ತುಳಸಿ. 108 ಆಗದಿದ್ದರೆ ಕೇಶವ, ನಾರಾಯಣ, ಮಾಧವ ಅಂತ 12 ಹೆಸರು. ಧೂಪ, ದೀಪ ಆದ ಮೇಲೆ ನೆಲದಲ್ಲಿ ನೀರಿನಿಂದ ಚೌಕ ಬರೆದು ಶಿರಾ ಪಾತ್ರೆ ಇಟ್ಟು, ತುಳಸಿ ಹಾಕಿ ನೈವೇದ್ಯ ಮಾಡಿ. ಹಂಚುವುದು ಈಗಲ್ಲ, ಕಥೆ ಆದ ಮೇಲೆ.

ಕಥೆ ಓದುವುದು

ಇದು ಸ್ಕಂದ ಪುರಾಣದ ರೇವಾ ಖಂಡದ್ದು ಅನ್ನುತ್ತಾರೆ, ಐದು ಅಧ್ಯಾಯ. ಕನ್ನಡ ಪುಸ್ತಕ ಪೂಜಾ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಎಲ್ಲರ ಕೈಗೂ ಅಕ್ಷತೆ, ಒಂದು ಹೂವು ಕೊಡಿ. ಒಬ್ಬರೇ ಓದಿದರೆ ನಾಲ್ಕನೇ ಅಧ್ಯಾಯಕ್ಕೆ ಧ್ವನಿ ಇಳಿಯುತ್ತದೆ, ಓದು ಓಡತೊಡಗುತ್ತದೆ. ಇಬ್ಬರು ಹಂಚಿಕೊಳ್ಳಿ, ಒಂದು ಅಧ್ಯಾಯ ಹುಡುಗರಿಗೂ ಕೊಡಿ. ಒಂದೊಂದು ಅಧ್ಯಾಯ ಮುಗಿದಾಗ ಗಂಟೆ ಬಾರಿಸಿ ಕರ್ಪೂರ ಬೆಳಗಿದರೆ ಕೂತವರ ಗಮನವೂ ಮರಳುತ್ತದೆ.

ಮೊದಲನೆಯದರಲ್ಲಿ ನಾರದ ಕೇಳುತ್ತಾನೆ, ವಿಷ್ಣು ವಿಧಾನ ಹೇಳುತ್ತಾನೆ. ಎರಡನೆಯದರಲ್ಲಿ ಕಾಶಿಯ ಬಡ ಬ್ರಾಹ್ಮಣ, ಆಮೇಲೆ ಕಟ್ಟಿಗೆಯವ. ಮೂರು, ನಾಲ್ಕನ್ನು ಮಾತ್ರ ನಿಧಾನವಾಗಿ ಓದಿ. ಸಾಧು ಅನ್ನುವ ವ್ಯಾಪಾರಿ ಮಗು ಹುಟ್ಟಲಿ ಮಾಡುತ್ತೇನೆ ಅನ್ನುತ್ತಾನೆ. ಮಗಳು ಕಲಾವತಿ ಹುಟ್ಟುತ್ತಾಳೆ, ಹೆಂಡತಿ ಲೀಲಾವತಿ ನೆನಪು ಮಾಡುತ್ತಾಳೆ, ಮದುವೆಗೆ ಮಾಡೋಣ ಅನ್ನುತ್ತಾನೆ. ಮದುವೆಯೂ ಆಗುತ್ತದೆ, ಹರಕೆ ಹಾಗೇ ಉಳಿಯುತ್ತದೆ. ಆಮೇಲೆ ಮಾವ ಅಳಿಯ ಇಬ್ಬರೂ ಮಾಡದ ಕಳ್ಳತನಕ್ಕೆ ಚಂದ್ರಕೇತು ರಾಜನ ಸೆರೆಮನೆ ಸೇರುತ್ತಾರೆ. ಮನೆಯಲ್ಲಿ ಹೆಂಗಸರು ವ್ರತ ಮಾಡಿದ ಮೇಲೆ ಬಿಡುಗಡೆ. ಬರುವ ದಾರಿಯಲ್ಲಿ ಸನ್ಯಾಸಿ ದೋಣಿಯಲ್ಲಿ ಏನಿದೆ ಅಂತ ಕೇಳಿದರೆ ವ್ಯಾಪಾರಿ ಎಲೆ ಬಳ್ಳಿ ಅಂತ ಸುಳ್ಳು ಹೇಳುತ್ತಾನೆ, ಎಲ್ಲವೂ ಎಲೆ ಬಳ್ಳಿಯೇ ಆಗುತ್ತದೆ. ಕಾಲು ಹಿಡಿದ ಮೇಲೆ ಸರಿಹೋಗುತ್ತದೆ. ಊರು ಮುಟ್ಟಿದ ಸುದ್ದಿ ಕೇಳಿ ಕಲಾವತಿ ಪ್ರಸಾದ ತಿನ್ನದೇ ಓಡುತ್ತಾಳೆ. ಮನೆಗೆ ಹೋಗಿ ಪ್ರಸಾದ ತಿಂದು ಬಾ ಅಂತ ಆಕಾಶದಿಂದ ಮಾತು ಕೇಳುತ್ತದೆ, ತಿಂದು ಬಂದ ಮೇಲೆ ಗಂಡ ಸಿಗುತ್ತಾನೆ. ಐದನೆಯದು ಆಲದ ಮರದ ಕೆಳಗೆ ಪೂಜೆ ಮಾಡಿದ ದನಗಾಹಿಗಳದು, ತುಂಗಧ್ವಜನದು. ಅವನೂ ವಾಪಸ್ ಬಂದು ಅವರ ಜೊತೆಯಲ್ಲೇ ಕೂತು ಪೂಜೆ ಮಾಡುತ್ತಾನೆ.

ಅದಕ್ಕೇ ನಮ್ಮ ಹಿರಿಯರು, “ಕಥಿ ಮುಗಿಯೋತನಕ ಯಾರೂ ಏಳಬ್ಯಾಡ್ರಿ, ಪ್ರಸಾದ ತಗೊಳ್ಳದ ಹೋಗಬ್ಯಾಡ್ರಿ” ಅನ್ನುವುದು. ತಡವಾಗಿ ಬಂದವರಿಗೂ, ಕೆಲಸಕ್ಕೆ ಬರುವ ಅಕ್ಕನಿಗೂ, ಗೇಟಿನ ಕಾವಲುಗಾರನಿಗೂ ದೊನ್ನೆ ತೆಗೆದಿಡಿ.

ಆರತಿ ಮಾಡಿ, ಕೈಯಲ್ಲಿದ್ದ ಅಕ್ಷತೆ ಏರಿಸಿ, ಮೊದಲು ತೀರ್ಥ, ಆಮೇಲೆ ಶಿರಾ. ಹಾಲು, ಬಾಳೆಹಣ್ಣು ಇರುವ ಪ್ರಸಾದ ನಮ್ಮ ಸೆಕೆಗೆ ರಾತ್ರಿಯಿಡೀ ಹೊರಗೆ ತಡೆಯುವುದಿಲ್ಲ, ಹುಳಿ ವಾಸನೆ ಹಿಡಿಯುತ್ತದೆ, ಅವತ್ತೇ ಹಂಚಿ ಮುಗಿಸಿ. ಮರುದಿನ ಬೆಳಿಗ್ಗೆ ಹೂವು ಅಕ್ಷತೆ ಹಾಕಿ ಕಲಶವನ್ನು ಉತ್ತರಕ್ಕೆ ಸ್ವಲ್ಪ ಸರಿಸಿದರೆ ವಿಸರ್ಜನೆ. ಕಲಶದ ನೀರು ಮನೆಯಲ್ಲೆಲ್ಲ ಚಿಮುಕಿಸಿ ಉಳಿದದ್ದು ಗಿಡಕ್ಕೆ ಹಾಕಿ. ಗೋಧಿಯನ್ನು ಹಿಟ್ಟಿಗೆ ಸೇರಿಸಿ, ತೆಂಗಿನಕಾಯಿ ಅಡಿಗೆಗೆ ಬಳಸಿ.