ಓವರ್ ಶೀಟಲ್ಲಿ ‘ಪೆಂಡಿಂಗ್’ ಅಂತ ಬರೆಯೋದನ್ನ ನಾನು ಬಿಟ್ಟಿದ್ದು

ಮೆಡಿಕಲ್ ವಾರ್ಡಲ್ಲಿ ಸ್ಟಾಫ್ ನರ್ಸ್ ಆಗಿ ಹನ್ನೊಂದು ವರ್ಷ ಆಯ್ತು, ಅದ್ರಲ್ಲಿ ಮೊದಲ ಆರು ವರ್ಷ ಓವರ್ ಶೀಟಲ್ಲಿ, ಅಂದ್ರೆ ಶಿಫ್ಟ್ ಬದಲಾಗುವಾಗ ಮುಂದಿನ ಸಿಸ್ಟರ್‌ಗೆ ಬರೆದುಕೊಡೋ ಹಾಳೇಲಿ, ನಾನೂ ಎಲ್ಲರ ಥರಾನೇ ‘ಪೇಷೆಂಟ್ ಸ್ಟೇಬಲ್, ರಿಪೋರ್ಟ್ ಪೆಂಡಿಂಗ್, ಇನ್ಫಾರ್ಮ್ ಎಸ್‌ಒಎಸ್’ ಅಂತಾನೇ ಬರೀತಿದ್ದೆ. ಒಂದು ನೈಟ್ ಡ್ಯೂಟಿ ಆದ್ಮೇಲೆ ಈ ಮೂರೂ ಬಿಟ್ಟೆ.

ಅವತ್ತು ಏನಾಯ್ತು ಅಂದ್ರೆ, ಕಿಡ್ನಿ ವೀಕ್ ಇದ್ದ ಒಬ್ಬ ಶುಗರ್ ಪೇಷೆಂಟ್, ಬಿಪಿಗೆ ರಾಮಿಪ್ರಿಲ್ ತಗೋತಿದ್ರು, ಬೆಳಗ್ಗೆ ರಕ್ತದಲ್ಲಿ ಪೊಟ್ಯಾಸಿಯಂ 5.6 ಬಂದಿತ್ತು, ಅದು ಜಾಸ್ತಿ, ಇನ್ನೂ ಏರಿದ್ರೆ ಹೃದಯಕ್ಕೇ ಅಪಾಯ. ರಾಮಿಪ್ರಿಲ್‌ನಿಂದಲೂ ಪೊಟ್ಯಾಸಿಯಂ ಏರಬಹುದು ಅಂತ ಡಾಕ್ಟ್ರು ರೌಂಡ್ಸಲ್ಲಿ ಆ ಮಾತ್ರೆ ನಿಲ್ಲಿಸಿ ಸಂಜೆ ಆರಕ್ಕೆ ರಿಪೀಟ್ ಮಾಡಿ ಅಂದಿದ್ರು. ಈವ್ನಿಂಗ್ ಸಿಸ್ಟರ್ ಕರೆಕ್ಟಾಗಿ ಆರಕ್ಕೇ ಸ್ಯಾಂಪಲ್ ಕಳಿಸಿದ್ರು, ನನಗೆ ಓವರ್ ಕೊಡುವಾಗ ‘ಪೊಟ್ಯಾಸಿಯಂ ಸೆಂಟ್, ಪೆಂಡಿಂಗ್’ ಅಂದ್ರು, ನಾನೂ ಸರಿ ಅಂದೆ. ಆದ್ರೆ ಅಷ್ಟೊತ್ತಿಗೆ ಲ್ಯಾಬಿಂದ ಫೋನ್ ಬಂದಾಗಿತ್ತು, ಸ್ಯಾಂಪಲ್ ಹೀಮೊಲೈಸ್ ಆಗಿದೆ, ಮತ್ತೆ ಕಳಿಸಿ ಅಂತ. ರಕ್ತ ಎಳೆಯುವಾಗ ಜೋರಾಗಿ ಎಳೆದ್ರೆ ಅಥವಾ ಟ್ಯೂಬ್ ಕುಲುಕಿದ್ರೆ ಕೆಂಪು ಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತೆ, ಆಗ ರಿಪೋರ್ಟ್ ಸುಳ್ಳೇ ಜಾಸ್ತಿ ತೋರಿಸುತ್ತೆ, ಅದಕ್ಕೇ ಲ್ಯಾಬ್‌ನವರು ಅಂಥ ಸ್ಯಾಂಪಲ್ ತಗೊಳ್ಳಲ್ಲ. ಫೋನ್ ಎತ್ತಿದ್ದು ಒಬ್ಬ ಸ್ಟೂಡೆಂಟ್, ಅವಳು ಯಾರಿಗೋ ಹೇಳಿದ್ಲು, ಅವರು ಓವರ್ ಗಡಿಬಿಡೀಲಿ ಮರೆತ್ರು. ನಾನು ರಾತ್ರಿಯೆಲ್ಲಾ ಬರದೇ ಇರೋ ರಿಪೋರ್ಟಿಗೆ ಕಾಯ್ತಾ ಇದ್ದೆ, ಮಧ್ಯೆ ಹೊಸ ಅಡ್ಮಿಷನ್ ಬೇರೆ ಬಂತು.

ಬೆಳಗಿನ ಜಾವ ನಾಲ್ಕೂವರೆಗೆ ವೈಟಲ್ಸ್ ನೋಡ್ತಿದ್ದಾಗ ಪಲ್ಸ್ 46. ‘ಕಾಲಲ್ಲಿ ಶಕ್ತೀನೇ ಇಲ್ಲಮ್ಮಾ’ ಅಂದ್ರು. ಲ್ಯಾಬಿಗೆ ಫೋನ್ ಮಾಡಿದ್ರೆ ಆ ಸ್ಯಾಂಪಲ್ ಸಂಜೇನೇ ಕ್ಯಾನ್ಸಲ್ ಆಗಿದೆ ಅಂದ್ರು. ತಕ್ಷಣ ಡ್ಯೂಟಿ ಡಾಕ್ಟ್ರನ್ನ ಕರೆದೆ, ಇಸಿಜಿ ತೆಗೆದ್ವಿ, ಪೊಟ್ಯಾಸಿಯಂ ತುಂಬಾ ಏರಿದಾಗ ಆಗೋ ಹಾಗೆ ಟಿ ವೇವ್ ಚೂಪಾಗಿ ಎತ್ತರಕ್ಕೆ ನಿಂತಿತ್ತು, ಬ್ಲಡ್ ಗ್ಯಾಸ್ ಮೆಷಿನಲ್ಲಿ ಪೊಟ್ಯಾಸಿಯಂ 6.9. ಕ್ಯಾಲ್ಸಿಯಂ ಗ್ಲುಕೋನೇಟ್, ಆಮೇಲೆ ಇನ್ಸುಲಿನ್ ಜೊತೆ ಡೆಕ್ಸ್‌ಟ್ರೋಸ್ ಕೊಟ್ಟು, ಮಾನಿಟರ್ ಹಾಕಿ ಐಸಿಯುಗೆ ಶಿಫ್ಟ್ ಮಾಡಿದ್ವಿ. ಅವರು ಉಳಿದ್ರು. ಆದ್ರೆ ಹತ್ತು ಗಂಟೆ ಸುಮ್ನೆ ಹೋಯ್ತಲ್ಲ, ಅದು ನನ್ನ ಮನಸ್ಸಿಂದ ಹೋಗ್ಲಿಲ್ಲ.

ಆಮೇಲೆ ಕೂತು ಯೋಚನೆ ಮಾಡ್ದಾಗ ಗೊತ್ತಾಗಿದ್ದು, ‘ಪೆಂಡಿಂಗ್’ ಅನ್ನೋ ಒಂದೇ ಪದದಲ್ಲಿ ಎಷ್ಟೊಂದು ಬೇರೆ ಬೇರೆ ಸ್ಥಿತಿ ಅಡಗಿದೆ ಅಂತ. ರಕ್ತ ಇನ್ನೂ ತೆಗೆದೇ ಇಲ್ಲದಿರಬಹುದು, ತೆಗೆದು ಟ್ರೇಯಲ್ಲೇ ಇರಬಹುದು, ಲ್ಯಾಬಿಗೆ ತಲುಪಿರಬಹುದು, ರಿಜೆಕ್ಟ್ ಆಗಿರಬಹುದು, ಅಥವಾ ರಿಪೋರ್ಟ್ ಬಂದು ಯಾರೂ ನೋಡಿಲ್ಲದೇ ಇರಬಹುದು. ಐದಕ್ಕೂ ನಾವು ಬರೆಯೋದು ಒಂದೇ ಪದ, ಮಾಡಬೇಕಾದ ಕೆಲಸ ಮಾತ್ರ ಐದೂ ಬೇರೆ.

ಈಗ ನಾನು ಪ್ರತಿ ಟೆಸ್ಟಿಗೂ ಒಂದು ಪೂರ್ತಿ ವಾಕ್ಯ ಬರೀತೀನಿ. ಅದೇ ಪೇಷೆಂಟ್‌ದು ಇವತ್ತಾಗಿದ್ರೆ ಹೀಗೆ ಬರೀತಿದ್ದೆ: ‘ಪೊಟ್ಯಾಸಿಯಂ ರಿಪೀಟ್, ಬೆಳಗ್ಗೆ 5.6 ಇತ್ತು. 6.00ಕ್ಕೆ ತೆಗೆದಿದ್ದು, 6.20ಕ್ಕೆ ಲ್ಯಾಬಿಗೆ ಸೇರಿದೆ ಅಂತ ಫೋನಲ್ಲಿ ಕೇಳಿದೀನಿ. 8.00ರೊಳಗೆ ಬರಬೇಕು. ಬರದಿದ್ರೆ 8.15ಕ್ಕೆ ನೈಟ್ ಸಿಸ್ಟರ್ ಲ್ಯಾಬಿಗೆ ಫೋನ್ ಮಾಡ್ತಾರೆ. 6 ಅಥವಾ ಜಾಸ್ತಿ ಬಂದ್ರೆ ಆಗ್ಲೇ ಇಸಿಜಿ, ಡ್ಯೂಟಿ ಡಾಕ್ಟ್ರಿಗೆ ಫೋನ್.’ ಉದ್ದ ಅನ್ಸುತ್ತೆ, ಬರೆಯೋಕೆ ಒಂದು ನಿಮಿಷಾನೂ ಬೇಡ. ಇದರಲ್ಲಿ ಜೀವಾಳ ಅಂದ್ರೆ ‘ಬರದಿದ್ರೆ’ ಅನ್ನೋ ಸಾಲು. ಬಂದ ರಿಪೋರ್ಟನ್ನ ಸಾಮಾನ್ಯವಾಗಿ ಯಾರಾದ್ರೂ ನೋಡ್ತಾರೆ, ಬರದೇ ಇರೋದನ್ನ ಹುಡುಕೋಕೆ ಒಬ್ಬರ ಹೆಸರು, ಒಂದು ಟೈಮ್ ಬೇಕೇ ಬೇಕು.

ಎಸ್ಕಲೇಷನ್, ಅಂದ್ರೆ ಯಾವಾಗ ಮೇಲಿನವರಿಗೆ ತಿಳಿಸ್ಬೇಕು ಅನ್ನೋದು, ಅದರದ್ದೂ ಇದೇ ಕಥೆ. ‘ಇನ್ಫಾರ್ಮ್ ಎಸ್‌ಒಎಸ್’ ಅಂದ್ರೆ ಬೇಕಾದ್ರೆ ತಿಳಿಸಿ ಅಂತ, ಬೇಕಾ ಬೇಡ್ವಾ ಅಂತ ಮಧ್ಯರಾತ್ರಿ ಎರಡು ಗಂಟೆಗೆ ಹೊಸ ಸಿಸ್ಟರ್ ಹೇಗೆ ತೀರ್ಮಾನ ಮಾಡ್ಬೇಕು? ಡಾಕ್ಟ್ರು ಬೈತಾರೇನೋ ಅಂತ ಇನ್ನೊಂದು ಗಂಟೆ ನೋಡೋಣ ಅಂತಾಳೆ, ನಾನೂ ಹಾಗೇ ಮಾಡಿದೀನಿ. ಅದಕ್ಕೆ ಈಗ ರೌಂಡ್ಸಲ್ಲೇ ಕೇಳ್ತೀನಿ, ‘ಸರ್, ಎಷ್ಟಕ್ಕೆ ಇಳಿದ್ರೆ ಫೋನ್ ಮಾಡ್ಲಿ?’ ಒಬ್ಬೊಬ್ಬರಿಗೂ ಅವರ ನಂಬರ್ ಬೇರೆ, ಅದನ್ನ ನಾನು ಊಹೆ ಮಾಡೋ ಹಾಗಿಲ್ಲ. ಸಿಒಪಿಡಿ ಅನ್ನೋ ಶ್ವಾಸಕೋಶದ ಕಾಯಿಲೆ ಇರೋ ಹಳೇ ಪೇಷೆಂಟ್‌ಗೆ ಆಕ್ಸಿಜನ್ ಸ್ಯಾಚುರೇಷನ್ 88ರಿಂದ 92 ಸಾಕು ಅಂತ ಡಾಕ್ಟ್ರು ಇಟ್ಟಿರ್ತಾರೆ, ಅದು ಶೀಟಲ್ಲಿ ಇಲ್ಲದಿದ್ರೆ ಮುಂದಿನ ಶಿಫ್ಟಲ್ಲಿ ಯಾರಾದ್ರೂ 90 ನೋಡಿ ಗಾಬರಿಯಾಗಿ ಆಕ್ಸಿಜನ್ ಜಾಸ್ತಿ ಮಾಡ್ತಾರೆ, ಅದರಿಂದ ಕೆಲವರಿಗೆ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರುತ್ತೆ.

ನನ್ನ ಶೀಟಲ್ಲಿ ಆ ಸಾಲು ಈ ಥರ ಇರುತ್ತೆ: ‘ಯೂರಿನ್ ಸತತ ಎರಡು ಗಂಟೆ, ಗಂಟೆಗೆ 30 ಎಂಎಲ್‌ಗಿಂತ ಕಮ್ಮಿ ಆದ್ರೆ ಡ್ಯೂಟಿ ಡಾಕ್ಟ್ರಿಗೆ, 15 ನಿಮಿಷದಲ್ಲಿ ಬರದಿದ್ರೆ ಅಥವಾ ಫೋನ್ ಎತ್ತದಿದ್ರೆ ಸೀನಿಯರ್‌ಗೆ.’ ಅರವತ್ತು ಕೆಜಿ ಇರೋರಿಗೆ ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಲೆಕ್ಕದಲ್ಲಿ ಬಂದ 30 ಅದು, ಎಂಬತ್ತು ಕೆಜಿ ಆದ್ರೆ 40 ಆಗುತ್ತೆ. ಎರಡನೇ ಹೆಸರು ಬರೆದಿಟ್ರೆ ಫೋನ್ ಮಾಡೋಳಿಗೆ ಧೈರ್ಯ, ಯಾಕಂದ್ರೆ ಅದು ಅವಳ ಅವಸರ ಅಲ್ಲ, ಮೊದಲೇ ಒಪ್ಪಿಕೊಂಡ ಮಾತು.

ಇನ್ನು ‘ಸ್ಟೇಬಲ್’. ಬಿಪಿ 104, ಪಲ್ಸ್ 108 ಅಂತ ಮಾತ್ರ ನೋಡಿದ್ರೆ ಪರವಾಗಿಲ್ಲ ಅನ್ಸಬಹುದು, ಆದ್ರೆ ಮಧ್ಯಾಹ್ನ 128 ಮತ್ತು 84, ಸಂಜೆ 116 ಮತ್ತು 96 ಇತ್ತು ಅಂತ ಪಕ್ಕದಲ್ಲೇ ಇದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ. ಅದಕ್ಕೆ ಸ್ಥಿತಿ ಅನ್ನೋ ಕಡೆ ಕೊನೇ ಮೂರು ರೀಡಿಂಗ್ ಟೈಮ್ ಸಮೇತ ಬರೀತೀನಿ, ಕೆಳಗೆ ನನಗೆ ಏನು ಚಿಂತೆ ಇದೆ ಅನ್ನೋದು ಒಂದೇ ಸಾಲು.

ಶುರುವಲ್ಲಿ ನಾನೂ ಎಡವಿದೆ. ಮೊದಲು ಹದಿನೈದು ಬಾಕ್ಸ್ ಇರೋ ಫಾರ್ಮ್ ಮಾಡಿದ್ದೆ, ಎರಡು ವಾರದಲ್ಲಿ ಎಲ್ಲರೂ ಟಿಕ್ ಹಾಕಿ ಮುಗಿಸೋಕೆ ಶುರು ಮಾಡಿದ್ರು, ನಾನೂ ಸೇರಿ. ಈಗ ಇರೋದು ಮೂರೇ ಭಾಗ, ಸ್ಥಿತಿ, ಕಾಯ್ತಿರೋ ಟೆಸ್ಟ್, ಯಾವಾಗ ಯಾರಿಗೆ ಫೋನ್. ಇನ್ನೊಂದು, ನಿನ್ನೆಯ ಶೀಟ್ ನೋಡಿ ಕಾಪಿ ಮಾಡೋ ಅಭ್ಯಾಸ, ಅದು ತುಂಬಾ ಅಪಾಯ. ಒಂದ್ಸಲ ಡ್ರಿಪ್ ನಿಲ್ಲಿಸಿ ಎರಡು ದಿನ ಆದ್ಮೇಲೂ ಶೀಟಲ್ಲಿ ಗಂಟೆಗೆ 100 ಎಂಎಲ್ ಓಡ್ತಾನೇ ಇತ್ತು. ಮೂರು ಶಿಫ್ಟಲ್ಲೂ ಒಂದೇ ವಾಕ್ಯ ಅಕ್ಷರ ಬಿಡದೆ ಇದ್ರೆ ಯಾರೂ ಪೇಷೆಂಟ್‌ನ ನೋಡಿ ಬರೆದಿಲ್ಲ ಅಂತಾನೇ ಅರ್ಥ. ಅದಕ್ಕೆ ಲಿಮಿಟ್ ಪಕ್ಕ ಯಾವ ಡಾಕ್ಟ್ರು, ಯಾವಾಗ ಹೇಳಿದ್ದು ಅಂತ ಹಾಕ್ತೀವಿ, ಹಿಂದಿನ ದಿನದ್ದಾದ್ರೆ ಮತ್ತೆ ಕೇಳ್ತೀವಿ.

ಓವರ್ ಕೊಡೋದು ಬೆಡ್ ಹತ್ರಾನೇ, ಇಬ್ಬರೂ ಸೇರಿ ಡ್ರಿಪ್, ಯೂರಿನ್ ಬ್ಯಾಗ್, ಪೇಷೆಂಟ್ ಮುಖ ನೋಡ್ತೀವಿ. ಕೊನೇಲಿ ಓವರ್ ತಗೊಂಡೋರು ಎರಡೇ ವಿಷ್ಯ ಅವರ ಮಾತಲ್ಲಿ ತಿರುಗಿ ಹೇಳ್ಬೇಕು, ಯಾವುದಕ್ಕೆ ಕಾಯ್ತಿದೀವಿ, ಯಾವಾಗ ಯಾರಿಗೆ ಫೋನ್. ಮೊನ್ನೆ ಹೊಸದಾಗಿ ಬಂದ ಸಿಸ್ಟರ್ ಹೀಗೇ ಹೇಳ್ತಾ ಇದ್ದೋಳು ಮಧ್ಯ ನಿಲ್ಲಿಸಿ, ‘ಅಕ್ಕಾ, ಇದ್ರಲ್ಲಿ ತೆಗೆದಿದ್ದು 5.40 ಅಂತಿದೆ, ಲ್ಯಾಬಿಗೆ ಸೇರಿದ್ದು ಬರೆದಿಲ್ವಲ್ಲ’ ಅಂದ್ಲು. ಹೋಗಿ ನೋಡಿದ್ರೆ ಸ್ಯಾಂಪಲ್ ಟ್ರೇಯಲ್ಲೇ ಇತ್ತು.